ಪರದೆಯ ಹಿಂದೆ ಸರ್ಜನ್‌ಗೆ ಜಾಗವಿಲ್ಲ

ಪ್ರಬಂಧದ ಮೊದಲ ಪುಟದ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ನಲವತ್ತೆಂಟು ಎಂದಿತ್ತು. ಸಂಶೋಧನೆಯ ಸೀಟಿಗೆ ಐವತ್ತು ಬೇಕು. ಎರಡು ಅಂಕಕ್ಕಾಗಿ ಯಾರ ಕಾಲೂ ಹಿಡಿಯಬಾರದು ಎಂದುಕೊಂಡೇ, ಅಕ್ಕತಂಗಿಯರಿಬ್ಬರಲ್ಲಿ ಓದುತ್ತಿದ್ದ ತಂಗಿ ಗರಗಸದ ಕೋಣೆಯ ಬಾಗಿಲು ತಟ್ಟಿದಳು.

ಗರಗಸ ಎಂಬುದು ರಾಜಕೀಯ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು. ಹೋಗುವಾಗಲೂ ಕೊಯ್ಯುತ್ತಾರೆ, ಬರುವಾಗಲೂ ಕೊಯ್ಯುತ್ತಾರೆ ಎಂದು. ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದರಲ್ಲಿ ಅವರು ಕುಳಿತಿದ್ದರು, ಇನ್ನೊಂದರ ಮೇಲೆ ಉತ್ತರಪತ್ರಿಕೆಗಳ ಕಟ್ಟು ಕುಳಿತಿತ್ತು. ಕಟ್ಟನ್ನು ಎತ್ತಿ ನೆಲದ ಮೇಲಿಟ್ಟು ಅವಳು ಕುಳಿತಳು.

"ಕೂತ್ಕೊ ಅಂತ ನಾನು ಹೇಳಿರ್ಲಿಲ್ಲ," ಎಂದರು ಅವರು.

"ನಿಂತು ಮಾತಾಡೋಕೆ ಆಗಲ್ಲ ಸರ್. ಹನ್ನೆರಡು ಪುಟ ಇದೆ."

ಅವರು ಕೊಟ್ಟಿದ್ದ ಪ್ರಶ್ನೆ ಸಣ್ಣದು: ಆದಾಯ ಏರಿದಂತೆ ದರವೂ ಏರುವ ತೆರಿಗೆ ನ್ಯಾಯವೇ? ಅಜ್ಞಾನದ ಪರದೆಯ ವಾದದಿಂದ ತೂಗಿ ಹೇಳಿ. ಪರದೆ ಎಂದರೆ ಇಷ್ಟು. ಸಮಾಜದ ನಿಯಮಗಳನ್ನು ನಿರ್ಧರಿಸಲು ಕೆಲವರು ಸೇರುತ್ತಾರೆ. ಲೋಕ ಹೇಗೆ ನಡೆಯುತ್ತದೆ, ದುಡಿಮೆ, ಆಸೆ, ಮಾರುಕಟ್ಟೆ ಹೇಗೆ ಕೆಲಸ ಮಾಡುತ್ತವೆ ಎಂಬುದು ಅವರಿಗೆ ಗೊತ್ತು. ತಾವು ಯಾರು ಎಂಬುದು ಮಾತ್ರ ಗೊತ್ತಿಲ್ಲ. ಶ್ರೀಮಂತನೋ ಬಡವನೋ, ಜಾಣನೋ ದಡ್ಡನೋ, ಗಟ್ಟಿಮುಟ್ಟಾದವನೋ ರೋಗಿಷ್ಟನೋ ತಿಳಿಯದು. ಯಾವ ಸ್ಥಾನ ತಮ್ಮ ಪಾಲಿಗೆ ಬಂದರೂ ಬಾಳಬಹುದಾದ ನಿಯಮವನ್ನೇ ಅವರು ಆರಿಸಬೇಕು.

ತಂಗಿಯ ತೀರ್ಪು ಹೀಗಿತ್ತು. ಇಂಥ ಏರುದರದ ತೆರಿಗೆ ಪರದೆಯ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಆದರೆ ಒಂದು ಮಿತಿಯವರೆಗೆ. ದರ ಹೆಚ್ಚಿಸಿದಾಗ ಕೆಳಗಿನವರ ಪಾಲು ಹೆಚ್ಚುತ್ತಿರುವವರೆಗೆ ಸರಿ. ದರ ಇನ್ನೂ ಏರಿ, ಮೇಲಿನವರು ದುಡಿಮೆಯನ್ನೇ ಕಡಿಮೆ ಮಾಡಿ, ಕೆಳಗಿನವರಿಗೆ ತಲುಪುವುದೂ ಇಳಿಯತೊಡಗಿದರೆ ಅಲ್ಲಿಂದಾಚೆ ಅದೇ ದರ ಅನ್ಯಾಯ. ಆ ಮಿತಿ ಎಲ್ಲಿದೆ ಎಂಬುದನ್ನು ಕುರ್ಚಿಯಲ್ಲಿ ಕುಳಿತು ಹೇಳಲಾಗದು, ಅಂಕಿಅಂಶ ಬೇಕು.

ಗರಗಸ ಏಳನೇ ಪುಟ ತೆರೆದರು. "ಈ ಪ್ಯಾರಾ ಚೆನ್ನಾಗಿದೆ. ನೋಡು, ಬರೆದೂ ಇದೀನಿ."

ಅಂಚಿನಲ್ಲಿ ಇಡೀ ಪ್ರಬಂಧಕ್ಕಿದ್ದ ಒಂದೇ ಒಂದು ಸರಿ ಗುರುತು, ಜೊತೆಗೆ 'ಮನಮುಟ್ಟುವಂತಿದೆ' ಎಂಬ ಮಾತು. ಅದು ಅವಳ ಅಕ್ಕನ ಪ್ಯಾರಾ. ಅಕ್ಕ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸದಲ್ಲಿದ್ದಳು. ಆಪರೇಷನ್ ಕೋಣೆ ತೊಳೆಯುವ ಅವಳು ಪರದೆಯ ಹಿಂದೆ ನಿಂತರೆ ಏರುದರಕ್ಕೇ ಕೈ ಎತ್ತುತ್ತಾಳೆ ಎಂದು ತಂಗಿ ಬರೆದಿದ್ದಳು.

"ಆದ್ರೆ ತಕ್ಕಡಿ ಒಂದೇ ಕಡೆ ವಾಲಿದೆ," ಎಂದರು ಅವರು. "ಅದೇ ಕೋಣೇಲಿ ಆಪರೇಷನ್ ಮಾಡೋ ಸರ್ಜನ್ ಎಲ್ಲಿ? ಹದಿನೈದು ವರ್ಷ ಓದಿದಾನೆ. ನನ್ನ ದುಡಿಮೆ ನನ್ನದು, ಹೆಚ್ಚಿಗೆ ಯಾಕೆ ಕೊಡ್ಲಿ ಅಂತಾನೆ. ಅವನ ವೋಟಿಗೂ ಒಂದು ಪ್ಯಾರಾ ಬರಿ, ಪರದೆ ಏರುದರನ ಒಪ್ಪಲ್ಲ ಅಂತ ಮುಗಿಸು. ಐವತ್ತೆರಡು ಕೊಡ್ತೀನಿ. ನಾಳೆ ಸಂಜೆವರೆಗೆ ಟೈಮಿದೆ."

ಐವತ್ತೆರಡು. ಸೀಟು ಅಂಗೈಯಲ್ಲಿಟ್ಟ ಹಾಗೆ. ತಂಗಿ ಏಳನೇ ಪುಟವನ್ನು ಮತ್ತೊಮ್ಮೆ ಓದಿದಳು. ಸರ್ಜನ್ ಎಂಬ ಪದ ಕಿವಿಗೆ ಬಿದ್ದ ಮೇಲೆ ಅವಳ ಸ್ವಂತ ಸಾಲುಗಳೇ ಬೇರೆಯಾಗಿ ಕಂಡವು. ಬರೆದಾಗ ಕಾಣದ ತಪ್ಪು ಈಗ ಕಣ್ಣಿಗೆ ರಾಚಿತು. ಜೇಬಿನಿಂದ ಪೆನ್ನು ತೆಗೆದು ಅಕ್ಕನ ಪ್ಯಾರಾದ ಮೇಲೆ ಅಡ್ಡಗೆರೆ ಎಳೆದಳು.

"ಏನ್ ಮಾಡ್ತಿದೀಯ? ಅದೊಂದೇ ಚೆನ್ನಾಗಿತ್ತು."

"ಅದೇ ತಪ್ಪು ಸರ್. ನೆಲ ಒರೆಸ್ತೀನಿ ಅಂತ ಗೊತ್ತಿದ್ದು ಕೈ ಎತ್ತಿದ್ರೆ ಅಕ್ಕ ಪರದೆ ಹಿಂದೆ ನಿಂತಿಲ್ಲ, ಪರದೆ ಸರಿಸಿ ಇಣುಕಿದಾಳೆ. ನಾನು ಬರೆದಿದ್ದು ತಪ್ಪು, ನೀವು ಮೆಚ್ಚಿದ್ದೂ ತಪ್ಪು."

ಅವರ ಹುಬ್ಬು ಮೇಲೇರಿತು. "ಸರಿ. ಹಾಗಾದ್ರೆ ಸರ್ಜನ್ನ ಹಾಕು."

"ತಾನು ಸರ್ಜನ್ ಅಂತ ಗೊತ್ತಿರೋನು ಮಾತ್ರ ಹೇಗೆ ಸರ್ ಒಳಗೆ ಬರ್ತಾನೆ? ಅಕ್ಕನ್ನ ಹೊರಗೆ ಕಳಿಸಿದ ಬಾಗಿಲಿಂದ ಅವನೂ ಹೋಗ್ಬೇಕು."

"ತೆರಿಗೆ ಜಾಸ್ತಿ ಆದ್ರೆ ಅವನು ವಾರಕ್ಕೆ ಎರಡು ಆಪರೇಷನ್ ಕಮ್ಮಿ ಮಾಡ್ತಾನೆ. ಅದು ಲೆಕ್ಕಕ್ಕಿಲ್ವಾ?"

"ಇದೆ, ನಾಲ್ಕನೇ ಪುಟದಲ್ಲಿ. ಜನ ಹಾಗೆ ಮಾಡಬಹುದು ಅನ್ನೋದು ಲೋಕದ ಸಂಗತಿ, ಪರದೆ ಹಿಂದಿನವರಿಗೂ ಗೊತ್ತು. ಅದಕ್ಕೇ ನಾನು ಮಿತಿ ಹಾಕಿರೋದು. ನಾನು ಸರ್ಜನ್, ನನಗೆ ನಷ್ಟ ಅನ್ನೋದು ಮಾತ್ರ ಅಲ್ಲಿ ನಡೆಯಲ್ಲ."

"ದುಡಿದಿದ್ದು ತನ್ನದು ಅನ್ನೋದು ದೊಡ್ಡ ವಾದ ಕಣಮ್ಮ. ಅದನ್ನ ಹೀಗೆ ತಳ್ಳಿಹಾಕೋಕಾಗಲ್ಲ."

"ತಳ್ಳಿಹಾಕಿಲ್ಲ ಸರ್. ಅದು ಪರದೆನೇ ಬೇಡ ಅನ್ನೋ ವಾದ. ಅದಕ್ಕೆ ಬೇರೆ ಪ್ರಶ್ನೆ ಕೊಡಿ, ಬರೀತೀನಿ. ಪರದೆಯಿಂದ ತೂಗು ಅಂದು, ಪರದೆ ಒಪ್ಪದವನ ವೋಟನ್ನ ಪರದೆ ಹಿಂದೆ ಎಣಿಸು ಅಂದ್ರೆ ಹೇಗೆ?"

ಗರಗಸ ಕನ್ನಡಕ ತೆಗೆದು ಒರೆಸಿದರು. ದನಿ ಮೆತ್ತಗಾಯಿತು. "ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ. ಒಂದು ಪ್ಯಾರಾ ಬರೆದ್ರೆ ಕೈ ಸವೆಯಲ್ಲ."

"ಸುಳ್ಳು ಅಂತ ಗೊತ್ತಿದ್ದು ಬರೆದ್ರೆ ಸವೆಯುತ್ತೆ ಸರ್," ಎಂದು ತಂಗಿ ಪ್ರಬಂಧ ತೆಗೆದುಕೊಂಡು ಎದ್ದಳು. ನೆಲದ ಮೇಲಿನ ಕಟ್ಟನ್ನು ಕುರ್ಚಿಗೆ ವಾಪಸ್ ಇಟ್ಟೇ ಹೊರಬಂದಳು.

ಮನೆಯಲ್ಲಿ ಅಕ್ಕ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ನಡೆದದ್ದನ್ನೆಲ್ಲ ಕೇಳಿ, ಅಡ್ಡಗೆರೆ ಬಿದ್ದ ಪುಟವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನನ್ನನ್ನೇ ಹೊಡೆದು ಹಾಕಿದೀಯಲ್ಲೇ."

"ಹಾಕ್ಬೇಕಾಯ್ತು ಅಕ್ಕ. ನೀನು ನೀನಾಗಿ ಅಲ್ಲಿ ನಿಲ್ಲೋ ಹಾಗಿಲ್ಲ."

"ಮತ್ತೆ ಯಾರಾಗಿ ನಿಲ್ಬೇಕು?"

"ನೀನು ಒರೆಸೋಳೋ, ಕೊಯ್ಯೋಳೋ, ಕೊಯ್ಸಿಕೊಳ್ಳೋಳೋ ಗೊತ್ತಿಲ್ಲ. ಒಂದೇ ಸಲ ಚೀಟಿ ಎತ್ತೋದು, ಬದುಕೆಲ್ಲ ಅದೇ. ಈಗ ಹೇಳು, ತೆರಿಗೆ ಹೇಗಿರ್ಬೇಕು?"

ಅಕ್ಕ ನೀರಿನಲ್ಲಿ ಕಾಲಾಡಿಸಿದಳು. "ಡಾಕ್ಟ್ರು ಕತ್ತಿ ಕೆಳಗಿಡೋ ಅಷ್ಟು ಕೀಳಬಾರ್ದು. ನಾನು ಮೇಜಿನ ಮೇಲೆ ಮಲಗಿದ್ರೆ ಅವರು ಬೇಕಲ್ಲ. ಆದ್ರೆ ಅವರಿಂದ ಜಾಸ್ತಿ ತಗೊಳ್ಳೇಬೇಕು. ನನಗೆ ಕೆಟ್ಟ ಚೀಟಿ ಬಂದ್ರೆ ಗತಿ ಏನು?"

ತಂಗಿ ನಕ್ಕಳು. "ಹನ್ನೆರಡು ಪುಟ ಬರೆದೆ ನಾನು."

"ಅದಕ್ಕೆ ನಲವತ್ತೆಂಟು ಸಿಕ್ಕಿದ್ದು. ಸುಮ್ನೆ ಬಿಡ್ತೀಯಾ?"

"ಮರುಮೌಲ್ಯಮಾಪನಕ್ಕೆ ಹಾಕ್ತೀನಿ. ಆದ್ರೆ ಹೊರಗಿನವರು ಓದ್ತಾರೆ. ನಿನ್ನ ಪ್ಯಾರಾಗೆ ಇವರು ಕೊಟ್ಟ ಅಂಕನೂ ಕಿತ್ಕೊಬಹುದು."

"ಕಿತ್ಕೊಳ್ಲಿ. ಅದು ನನ್ನ ಪ್ಯಾರಾ, ನಾನೇ ಹೇಳ್ತಿದೀನಿ."

ಮರುದಿನ ಪರೀಕ್ಷಾ ವಿಭಾಗದ ಕಿಟಕಿಯಲ್ಲಿ ಗುಮಾಸ್ತ ಅರ್ಜಿಯನ್ನು ಎರಡು ಸಲ ಓದಿದ. ಪ್ರಬಂಧದ ಜೊತೆ ಲಗತ್ತಿಸಿದ್ದ ಒಂದು ಹಾಳೆಯನ್ನು ಮೂರು ಸಲ ಓದಿದ. ಅದರಲ್ಲಿ ತಂಗಿ ಬರೆದದ್ದು ಎರಡೇ ಅಂಶ. ಒಂದು, ಏಳನೇ ಪುಟದ ಪ್ಯಾರಾ ತಪ್ಪು, ಅದಕ್ಕೆ ಕೊಟ್ಟ ಅಂಕ ಕಳೆಯಿರಿ. ಎರಡು, ಸರ್ಜನ್‌ನ ಪ್ಯಾರಾ ಇಲ್ಲವೆಂದು ಕಡಿತ ಮಾಡಿದ್ದೂ ಅದೇ ತಪ್ಪು, ಆ ಅಂಕ ಕೊಡಿ.

"ಏನಮ್ಮ ಇದು? ಎಲ್ಲರೂ ಜಾಸ್ತಿ ಕೊಡಿ ಅಂತ ಬರ್ತಾರೆ. ನೀನು ಕಳೀರಿ ಅಂತ ಬರೆದಿದೀಯ. ಇಳಿದ್ರೆ ಇಳಿದಿದ್ದೇ ಫೈನಲ್, ಗೊತ್ತು ತಾನೆ?"

"ಗೊತ್ತು."

"ಈ ಹಾಳೆ ಕಿತ್ತು ಕೊಡ್ಲಾ? ಅರ್ಜಿ ಮಾತ್ರ ಹೋಗ್ಲಿ. ಯಾರಿಗೂ ತಿಳಿಯಲ್ಲ."

"ಎರಡನೇ ಮಾತು ಹೇಳೋಕೆ ನನಗೆ ಹಕ್ಕಿರೋದೇ ಮೊದಲನೇದು ಹೇಳಿರೋದ್ರಿಂದ. ಎರಡೂ ಹೋಗ್ಲಿ."

ಗುಮಾಸ್ತ ಅವಳ ಮುಖ ನೋಡಿದ. ಹಿಂದೆ ಸಾಲು ಬೆಳೆಯುತ್ತಿತ್ತು, ಯಾರೋ ಗೊಣಗಿದರು. ತಂಗಿ ಕಿಟಕಿಯಿಂದ ಸರಿಯಲಿಲ್ಲ. ಹಾಳೆಯ ಮೇಲೂ ಅರ್ಜಿಯ ಮೇಲೂ ಮೊಹರು ಬಿದ್ದು, ಸ್ವೀಕೃತಿ ಚೀಟಿ ಕೈಗೆ ಬಂದ ಮೇಲೆ ಮಾತ್ರ ಅವಳು ಮುಂದಿನವರಿಗೆ ಜಾಗ ಬಿಟ್ಟಳು.