ಅಡುಗೆಮನೆಯ ಮೂರನೇ ಪರದೆ

ಕಪ್ಪು ಪರದೆಯಷ್ಟು ಸಿಟ್ಟು ಬರಿಸುವ ವಸ್ತು ನನಗೆ ಇನ್ನೊಂದಿಲ್ಲ. ಚಿತ್ರ ನಡುಗಿದರೆ, ಗೆರೆ ಬಂದರೆ, ಬಣ್ಣ ಕೆಟ್ಟರೆ ಅಲ್ಲೇ ಏನೋ ಸುಳಿವು ಇರುತ್ತದೆ. ಕಪ್ಪು ಏನನ್ನೂ ಹೇಳುವುದಿಲ್ಲ. ಹನ್ನೊಂದು ವರ್ಷದಿಂದ ದೋಹಾದಲ್ಲಿ ಟಿವಿ, ಸ್ಪೀಕರ್, ಪ್ರೊಜೆಕ್ಟರ್ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಕಂಪನಿಯಲ್ಲಿ ಯಾವುದು ಕೈಕೊಟ್ಟರೂ ‘ಯಜ್ಞೇಶನನ್ನು ಕರೆಯಿರಿ’ ಎನ್ನುತ್ತಾರೆ. ಆ ಮಾತು ನನ್ನ ತಲೆಗೇರಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಅಲ್ ಅಜೀಜಿಯಾ ಬಡಾವಣೆಯಲ್ಲಿ ಅಬು ನಾಸಿರ್ ಅವರ ವಿಲ್ಲಾ. ಗೆಳೆಯರು ಬಂದು ಕೂರುವ ಮಜ್ಲಿಸಿನಲ್ಲಿ ಎದುರುಬದುರು ಎರಡು ದೊಡ್ಡ ಟಿವಿ. ಎರಡರಲ್ಲೂ ಒಂದೇ ಮ್ಯಾಚ್ ಬರಬೇಕು. ಜಾಗ ನೋಡಿ ನಾವು ಹೊರಡುವಾಗ ಅವರು ಇನ್ನೊಂದು ಮಾತು ಸೇರಿಸಿದರು. ಅಡುಗೆಯ ಜೂಲಿಯೆಟ್ ಮ್ಯಾಚಿನ ದಿನವೆಲ್ಲ ಒಲೆಯ ಮುಂದೆಯೇ ಇರುತ್ತಾಳೆ, ಅವಳಿಗೂ ಒಂದು ಪರದೆ ಹಾಕಿಕೊಡಿ ಎಂದು. ಮಗನ ಕೋಣೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಕಂಪ್ಯೂಟರ್ ಮಾನಿಟರ್ ನನ್ನ ಕಣ್ಣಿಗೆ ಬಿತ್ತು. ಅದಕ್ಕೆ ಈಗಿನ ಟಿವಿಗಳಲ್ಲಿರುವ ಎಚ್‌ಡಿಎಂಐ ಕಿಂಡಿಯೇ ಇರಲಿಲ್ಲ. ‘ಒಂದು ಅಡಾಪ್ಟರ್ ಹಾಕಿದರಾಯಿತು, ಇದೇ ಸಾಕು’ ಎಂದವನು ನಾನೇ.

ಕೆಲಸ ಸುಲಭದ್ದು. ಚಾನೆಲ್ ತರುವ ಬಾಕ್ಸ್ ಒಂದು. ಅದರಿಂದ ಬರುವ ಚಿತ್ರವನ್ನು ಮೂರು ದಾರಿಗೆ ಹಂಚುವ ಸ್ಪ್ಲಿಟರ್ ಒಂದು. ಮೂರು ಕೇಬಲ್. ಅಡುಗೆಮನೆಯ ಉದ್ದನೆಯ ಕೇಬಲನ್ನು ಸೀಲಿಂಗಿನ ಒಳಗಿಂದ ಎಳೆದವರು ನನ್ನ ಜೊತೆ ಕೆಲಸ ಮಾಡುವ ಸೈಮನ್ ಪೊರ್ಬು. ನಮ್ಮ ಪುತ್ತೂರು ಕಡೆ ಕ್ರೈಸ್ತ ಹಿರಿಯರನ್ನು ಪೊರ್ಬು ಎಂದೇ ಕರೆಯುವುದು. ಅವರಿಗೆ ಐವತ್ತೇಳು. ಕಳೆದ ವರ್ಷದಿಂದ ಬಲಗೈ ಸ್ವಲ್ಪ ನಡುಗುತ್ತಿತ್ತು. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದರು. ಅದನ್ನು ನಾವೆಲ್ಲ ನೋಡಿದ್ದೆವು, ಯಾರೂ ಮಾತೆತ್ತಿರಲಿಲ್ಲ.

ಮುಗಿದ ಮೇಲೆ ನನ್ನ ಲ್ಯಾಪ್‌ಟಾಪ್ ಜೋಡಿಸಿ ಕಂಪನಿಯ ಡೆಮೊ ವಿಡಿಯೋ ಓಡಿಸಿದೆ. ಮೂರು ಪರದೆಯಲ್ಲೂ ಮೀನುಗಳು ಚೆನ್ನಾಗಿ ಈಜಿದವು. ನಾವು ಎಲ್ಲ ಕಡೆ ಹೀಗೆಯೇ ಪರೀಕ್ಷಿಸುವುದು. ಸಹಿ ಹಾಕಿಸಿಕೊಂಡು ಬಂದೆವು.

ಗುರುವಾರ ಸಂಜೆ ಮ್ಯಾಚ್ ಶುರುವಾಗುವ ಹೊತ್ತಿಗೆ ಫೋನ್ ಬಂತು, ಮೂರೂ ಕಪ್ಪು ಎಂದು. ನಾನೂ ಪೊರ್ಬುವೂ ಓಡಿದೆವು. ಬಾಕ್ಸಿನ ಮೆನು ಬರುತ್ತಿತ್ತು. ಪುಕ್ಕಟೆ ಸುದ್ದಿ ಚಾನೆಲ್ ಬರುತ್ತಿತ್ತು. ಚಂದಾ ಕಟ್ಟಿದ ಸ್ಪೋರ್ಟ್ಸ್ ಚಾನೆಲ್ ಒತ್ತಿದರೆ ಮಾತ್ರ ಎಲ್ಲ ಕಡೆ ಕತ್ತಲೆ, ಸದ್ದೂ ಇಲ್ಲ. ಮಜ್ಲಿಸಿನಲ್ಲಿ ಹದಿನೈದು ಜನ ನನ್ನ ಬೆನ್ನನ್ನೇ ನೋಡುತ್ತಿದ್ದರು. ಸ್ಪ್ಲಿಟರಿನಿಂದ ಕೇಬಲುಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಅಡುಗೆಮನೆಯದನ್ನು ಕಿತ್ತ ಮೂರೇ ಸೆಕೆಂಡಿಗೆ ಎರಡೂ ಟಿವಿಯಲ್ಲಿ ಮೈದಾನ ಹಸಿರಾಗಿ ಬಂತು. ಮತ್ತೆ ಸಿಕ್ಕಿಸಿದೆ, ಕಪ್ಪು. ಇದಕ್ಕಿಂತ ಸಾಕ್ಷಿ ಏನು ಬೇಕು?

“ಕೇಬಲ್ ಹೋಗಿದೆ” ಎಂದೆ, ಎಲ್ಲರೆದುರಿಗೆ.

ಪೊರ್ಬು ಮೆಲ್ಲಗೆ ಕೇಳಿದರು: “ಲ್ಯಾಪ್‌ಟಾಪಲ್ಲಿ ಬಂದಿತ್ತಲ್ಲ ಮಾರಾಯ್ರೆ? ಅದೇ ಕೇಬಲಲ್ಲಿ?”

“ಆಗ ಬಂದಿತ್ತು, ಈಗ ಇಲ್ಲ. ಎಳೆಯುವಾಗ ಎಲ್ಲೋ ಮಡಚಿದ್ದೀರಿ ಪೊರ್ಬುಗಳೇ. ಕೈ ನಿಲ್ಲದಿದ್ದರೆ ಹೇಳಬೇಕಿತ್ತು.”

ಅವರು ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ, ಅದಕ್ಕೇ ಅಷ್ಟು ಜೋರಾಗಿ ಮಾತಾಡಿದೆ.

ಶನಿವಾರ ಆಫೀಸಿನಲ್ಲಿ ಮ್ಯಾನೇಜರ್ ಶಂಭುಲಿಂಗಪ್ಪ ನನ್ನನ್ನು ಒಳಗೆ ಕರೆದರು. ಬಾಗಲಕೋಟೆಯವರು, ಸುತ್ತುಬಳಸಿ ಮಾತಾಡುವವರಲ್ಲ.

“ಸೈಮನ್ನಂದು ರೆಸಿಡೆನ್ಸಿ ಪರ್ಮಿಟ್ ರಿನ್ಯೂವಲ್ಲಿಗೆ ಬಂದೈತ್ರಿ. ಅಷ್ಟರಾಗ ಈ ಕಂಪ್ಲೇಂಟ್ ಬಂತು. ಖರೇ ಹೇಳ್ರಿ, ಕೇಬಲ್ಲಿಂದನ ತಪ್ಪೇನು?”

“ಕೇಬಲ್ಲೇ ಸರ್” ಎಂದೆ.

ಭಾನುವಾರ ಬೆಳಿಗ್ಗೆ ಹೊಸ ಕೇಬಲ್ ಹಿಡಿದು ವಿಲ್ಲಾಕ್ಕೆ ಒಬ್ಬನೇ ಹೋದೆ. ಹಳೆಯದನ್ನು ಹೊರಗೆಳೆದು ಸುರುಳಿ ಸುತ್ತಿ ವ್ಯಾನಿಗೆ ಎಸೆದೆ. ಹೊಸದನ್ನು ನನ್ನ ಕೈಯಾರೆ ಎಳೆದೆ, ಎಲ್ಲೂ ಮಡಚದೆ. ಲ್ಯಾಪ್‌ಟಾಪ್ ಹಾಕಿದೆ, ಮೀನು ಈಜಿತು. ಸ್ಪೋರ್ಟ್ಸ್ ಚಾನೆಲ್ ಹಾಕಿದೆ, ಮೂರೂ ಕಪ್ಪು.

ನನಗೆ ತಲೆಬುಡ ತಿಳಿಯಲಿಲ್ಲ. ಅದೇ ಜಾತಿಯ ಇನ್ನೊಂದು ಸ್ಪ್ಲಿಟರ್ ಹಾಕಿದೆ, ಕಪ್ಪು. ಬಾಕ್ಸನ್ನು ಆಫ್ ಮಾಡಿ ಆನ್ ಮಾಡಿದೆ. ಮೆನು ಬಂತು, ಸುದ್ದಿ ಬಂತು, ಮತ್ತೆ ಕಪ್ಪು. ಸಿಟ್ಟಿನಿಂದ ಹೊರಗೆ ಹೋಗಿ ವ್ಯಾನಿನಲ್ಲಿ ನೀರು ಕುಡಿದು ವಾಪಸು ಬಂದರೆ ಮಜ್ಲಿಸಿನ ಎರಡೂ ಟಿವಿಯಲ್ಲಿ ಯಾವುದೋ ಹಳೆಯ ಪಂದ್ಯ ಆರಾಮವಾಗಿ ಓಡುತ್ತಿದೆ. ನಾನು ಏನನ್ನೂ ಮುಟ್ಟಿರಲಿಲ್ಲ. ಕೇಬಲ್ ಮೂರೂ ಜೋಡಿಸಿಯೇ ಇದ್ದವು. ನೋಡುತ್ತಾ ನಿಂತಿದ್ದಂತೆಯೇ ಫಕ್ಕನೆ ಮತ್ತೆ ಕಪ್ಪಾಯಿತು. ಯಾರೋ ನನ್ನನ್ನು ಆಟವಾಡಿಸುತ್ತಿದ್ದಾರೆ ಎಂದು ಅನ್ನಿಸಿ ನಿಜವಾಗಿಯೂ ಹೆದರಿಕೆಯಾಯಿತು.

ಅಡುಗೆಮನೆಗೆ ಹೋದೆ. ಜೂಲಿಯೆಟ್ ಮಾನಿಟರಿನ ಮುಂದೆ ನಿಂತಿದ್ದಳು. ಮೂಲ್ಕಿಯವಳು, ನನಗಿಂತ ಸ್ವಲ್ಪ ದೊಡ್ಡವಳು; ನಮ್ಮ ಕಡೆ ಅಂಥ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎನ್ನುವುದು.

“ಈಗ ಇದನ್ನು ಮುಟ್ಟಿದ್ರಾ ಬಾಯಮ್ಮ?”

“ಇಲ್ಲಪ್ಪ. ಮಿಕ್ಸಿಗೆ ಪ್ಲಗ್ ಬೇಕಿತ್ತು, ಇದರದ್ದು ತೆಗೆದಿದ್ದೆ. ಕಡೆದಾಯ್ತು, ಪುನಃ ಹಾಕಿದೆ.” ಅವಳು ಸೌಟು ತೊಳೆಯುತ್ತಾ ಮುಂದುವರಿಸಿದಳು, “ಹೇಳುವ ಅಂತಲೇ ಇದ್ದೆ. ಗುರುವಾರ ಕೂಡ ನಾನು ಇದನ್ನು ಆನ್ ಮಾಡಿದ್ದು, ಒಳಗೆ ಬೊಬ್ಬೆ ಶುರುವಾದದ್ದು. ಹೆದರಿ ಸುಮ್ಮನಿದ್ದೆ. ನನ್ನಿಂದ ಏನಾದರೂ ಹಾಳಾಯ್ತೋ?”

“ಪ್ಲಗ್ ತೆಗೆಯಿರಿ ನೋಡುವ” ಎಂದೆ. ತೆಗೆದಳು. ಮಜ್ಲಿಸಿಗೆ ಓಡಿದೆ, ಚಿತ್ರ ಇತ್ತು. “ಹಾಕಿ” ಎಂದು ಅಲ್ಲಿಂದಲೇ ಕೂಗಿದೆ. ಕತ್ತಲೆ.

ವ್ಯಾನಿನಲ್ಲಿ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಸಣ್ಣ ಹೊಸ ಟಿವಿ ತಂದು ಮಾನಿಟರಿನ ಜಾಗದಲ್ಲಿ ಅದೇ ಕೇಬಲಿಗೆ ಸಿಕ್ಕಿಸಿದೆ. ಅದು ಎರಡು ಮೂರು ಸೆಕೆಂಡು ಮಿಟುಕಿತು, ಆಮೇಲೆ ಪಂದ್ಯ ಬಂತು; ಮಜ್ಲಿಸಿಗೆ ಓಡಿ ನೋಡಿದರೆ ಅಲ್ಲಿಯ ಎರಡರಲ್ಲೂ ಪಂದ್ಯ. ವಾಪಸು ಬಂದು ಅಡುಗೆಮನೆಯ ನೆಲದ ಮೇಲೆಯೇ ಕುಳಿತುಬಿಟ್ಟೆ.

ಸ್ಪ್ಲಿಟರಿನ ಪೊಟ್ಟಣದ ಮೇಲೆ ಎಚ್‌ಡಿಸಿಪಿ ಎಂಬ ನಾಲ್ಕಕ್ಷರ ಬರೆದಿರುತ್ತದೆ. ಸಾವಿರ ಪೊಟ್ಟಣ ಹರಿದಿದ್ದೇನೆ, ತರಬೇತಿಯಲ್ಲಿ ಕೇಳಿದ್ದೆನಾದರೂ ಒಂದು ದಿನವೂ ಅದರ ಬಗ್ಗೆ ಯೋಚಿಸಿದವನಲ್ಲ. ಯಾರೂ ಕದ್ದು ನಕಲು ಮಾಡಬಾರದೆಂದು ಚಿತ್ರಕ್ಕೆ ಹಾಕುವ ಬೀಗ ಅದು. ಸ್ಪೋರ್ಟ್ಸ್ ಚಾನೆಲ್ ಹಾಕಿದ ಕೂಡಲೇ ಬಾಕ್ಸ್ ಎದುರು ತುದಿಯನ್ನು ಕೇಳುತ್ತದೆ, ನಿನ್ನ ಬಳಿ ಅನುಮತಿಯ ಕೀಲಿ ಇದೆಯೇ ಎಂದು. ಟಿವಿ ತೋರಿಸುತ್ತದೆ, ಇಬ್ಬರೂ ಲೆಕ್ಕ ತಾಳೆ ನೋಡಿಕೊಳ್ಳುತ್ತಾರೆ. ಹ್ಯಾಂಡ್‌ಶೇಕ್ ಎನ್ನುವುದು ಇದಕ್ಕೇ. ನಡುವೆ ಸ್ಪ್ಲಿಟರ್ ಇದ್ದರೆ ಅದು ತನ್ನ ಹಿಂದಿರುವ ಎಲ್ಲರ ಕೀಲಿ ಕೇಳಿ ಬಾಕ್ಸಿಗೆ ಒಪ್ಪಿಸಬೇಕು. ಗ್ಯಾಸ್ ಪ್ಲಾಂಟಿನ ಗೇಟಿನಲ್ಲಿ ವ್ಯಾನ್ ನಿಲ್ಲಿಸಿದಂತೆ. ಒಬ್ಬನ ಬಳಿ ಪಾಸ್ ಇಲ್ಲದಿದ್ದರೆ ಇಡೀ ವ್ಯಾನ್ ಹೊರಗೆ. ಆ ಹಳೆಯ ಮಾನಿಟರಿಗೆ ಕೀಲಿಯೇ ಇಲ್ಲ, ಅದಕ್ಕೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅದು ಉತ್ತರಿಸದ ಕಾರಣ ನಮ್ಮ ಸ್ಪ್ಲಿಟರ್ ಎಲ್ಲರೂ ಸರಿ ಎಂದು ಹೇಳಲಿಲ್ಲ, ಬಾಕ್ಸ್ ಯಾರಿಗೂ ಚಿತ್ರ ಕೊಡಲಿಲ್ಲ. ಪ್ಲಗ್ ತೆಗೆದರೆ ಸ್ಪ್ಲಿಟರಿನ ಪಾಲಿಗೆ ಆ ಮಾನಿಟರ್ ಇಲ್ಲ. ಉಳಿದ ಇಬ್ಬರ ಬಳಿ ಕೀಲಿ ಇದೆ, ಚಿತ್ರ ಬರುತ್ತದೆ. ಕೇಬಲ್ ಕಿತ್ತರೂ ಅಷ್ಟೇ. ನನ್ನ ಡೆಮೊ ಮೀನಿಗೆ ಯಾವ ಬೀಗವೂ ಇಲ್ಲ, ಅದು ಕೀಲಿ ಕೇಳುವುದೂ ಇಲ್ಲ. ಗುರುವಾರ ನನ್ನ ಕಣ್ಣೆದುರಿಗಿದ್ದ ಸಾಕ್ಷಿ ಸುಳ್ಳಲ್ಲ, ನಾನು ಅದನ್ನು ಓದಿದ್ದು ಸುಳ್ಳು.

ಪೊರ್ಬು ಅಂದೇ ಸರಿಯಾದ ಪ್ರಶ್ನೆ ಕೇಳಿದ್ದರು. ಆ ಮಾನಿಟರನ್ನು ಆರಿಸಿದವನು ನಾನು.

ಅಬು ನಾಸಿರ್‌ಗೆ ವಿಷಯ ಹೇಳಿದೆ. ಅವರು ನಕ್ಕು, “ಖಲಾಸ್, ಜೂಲಿಯೆಟ್‌ಗೆ ಹೊಸ ಟಿವಿ ತರಿಸುತ್ತೇನೆ” ಎಂದರು. ಅವರ ಪಾಲಿಗೆ ಅಷ್ಟಕ್ಕೇ ಮುಗಿಯಿತು. ವ್ಯಾನಿನಿಂದಲೇ ಶಂಭುಲಿಂಗಪ್ಪನವರಿಗೆ ಫೋನ್ ಮಾಡಿದೆ.

“ಸರ್, ಕೇಬಲ್ ತಪ್ಪಲ್ಲ. ನಾನು ಹೇಳಿದ್ದು ತಪ್ಪು.”

“ಈಗ ಹೇಳ್ತೀರೇನ್ರಿ? ಮುಂಜಾನೆ ಬಂದು ಸೈಮನ್ನೇ ಬರೆದು ಕೊಟ್ಟಾನ. ಕೈ ನಡೀವಲ್ದು, ಕೇಬಲ್ ನನ್ನಿಂದನ ಕೆಟ್ಟೈತಿ, ರಿನ್ಯೂವಲ್ ಬ್ಯಾಡ, ಊರಿಗೆ ಹೋಗ್ತೀನಿ ಅಂತ. ಕಾಗದ ನನ್ನ ಟೇಬಲ್ ಮ್ಯಾಲೆ ಐತಿ. ಸಂಜೀಕ ಮ್ಯಾಲಿನವ್ರಿಗೆ ಕಳಸಾಂವ ಇದ್ದೆ.”

“ಕಳಿಸಬೇಡಿ ಸರ್. ನಾನೂ ಬರೆದು ಕೊಡ್ತೇನೆ.”

“ನೀವು ಬರೀರಿ. ಆದ್ರ ಅವನ ಕಾಗದ ಅವನೇ ವಾಪಸ್ ತಗೋಬೇಕು. ನಾ ಹರಿಯಾಂವ ಅಲ್ಲ.”

ಗೋದಾಮಿನಲ್ಲಿ ಪೊರ್ಬು ತಮ್ಮ ಉಪಕರಣಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಚೀಟಿ ಅಂಟಿಸುತ್ತಿದ್ದರು, ಮುಂದಿನವರಿಗೆ ಒಪ್ಪಿಸಲು. ಬರೀ ಬಾಯಲ್ಲಿ ಹೇಳಿದ್ದರೆ ಸಮಾಧಾನ ಮಾಡಲು ಹೇಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು. ವ್ಯಾನಿನಿಂದ ಅವರ ಹಳೆಯ ಕೇಬಲ್ ತಂದು ಒಂದು ತುದಿಯನ್ನು ಪರೀಕ್ಷೆಯ ಬಾಕ್ಸಿಗೆ, ಇನ್ನೊಂದನ್ನು ಟಿವಿಗೆ ಸಿಕ್ಕಿಸಿ ಸ್ಪೋರ್ಟ್ಸ್ ಚಾನೆಲ್ ಹಾಕಿದೆ. ಒಂದು ಕ್ಷಣ ಕತ್ತಲೆ. ಆ ಒಂದು ಕ್ಷಣದಲ್ಲಿ ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಚಿತ್ರ ಬಂತು, ಒಂದು ಚುಕ್ಕೆಯೂ ಇಲ್ಲದೆ.

“ಇದು ಹೊಸ ಕೇಬಲಾ?” ಎಂದು ಕೇಳಿದರು.

“ನೀವು ಎಳೆದದ್ದು.”

ಅವರು ಹತ್ತಿರ ಬಂದು ತುದಿಯಲ್ಲಿ ತಾವೇ ಸುತ್ತಿದ್ದ ನೀಲಿ ಟೇಪನ್ನು ಮುಟ್ಟಿ ನೋಡಿದರು. “ತೆಗೆದು ಇನ್ನೊಮ್ಮೆ ಹಾಕಿ.” ಹಾಕಿದೆ. “ಇನ್ನೊಮ್ಮೆ.” ನಾಲ್ಕು ಸಲ ಹಾಕಿಸಿದರು. ನಾಲ್ಕೂ ಸಲ ಬಂತು.

ತಪ್ಪು ಎಲ್ಲಿತ್ತು ಎಂದು ಎಲ್ಲವನ್ನೂ ಬಿಡಿಸಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು.

“ನೀವೇ ಕೇಬಲ್ ಅಂತ ಹೇಳಿದ ಮೇಲೆ ನಾನು ಯೋಚನೆ ಮಾಡ್ಲೇ ಇಲ್ಲ ನೋಡಿ” ಎಂದರು. “ಯಜ್ಞೇಶರಿಗೆ ಗೊತ್ತುಂಟು ಅಂದುಕೊಂಡೆ. ಮೂರು ರಾತ್ರಿ ಈ ಕೈಯನ್ನೇ ನೋಡ್ತಾ ಕೂತೆ.”

“ಆ ಕಾಗದ ವಾಪಸ್ ತಗೊಳ್ಳಿ ಪೊರ್ಬುಗಳೇ.”

ಅವರು ಜೇಬಿನಿಂದ ಮೊಬೈಲ್ ತೆಗೆದು, ಊರಿನಲ್ಲಿರುವ ಹೆಂಡತಿಯ ನಂಬರ್ ಒತ್ತಿ, ನನ್ನ ಕೈಗೆ ಕೊಟ್ಟರು.

“ಸೆಲೆಸ್ಟಿನ್‌ಗೆ ನನ್ನ ಕೈ ಹೋಯ್ತು ಅಂತ ಹೇಳಿಬಿಟ್ಟಿದ್ದೇನೆ. ಈಗ ನಾನು ಸರಿ ಉಂಟು ಅಂದರೆ ನಂಬುವುದಿಲ್ಲ ಅವಳು. ಮೊದಲು ನೀವು ಹೇಳಿ, ಕಾಗದ ಆಮೇಲೆ.”

ಫೋನ್ ರಿಂಗಾಗುತ್ತಿತ್ತು. ಹದಿನೈದು ಜನರ ಎದುರು ಒಂದೇ ಉಸಿರಿಗೆ ಹೇಳಿದ ಸುಳ್ಳನ್ನು ಈಗ ಒಬ್ಬ ಹೆಂಗಸಿಗೆ ಬಿಡಿಸಿ ಹೇಳಬೇಕಿತ್ತು. ಆ ಕಡೆಯಿಂದ ಸೆಲೆಸ್ಟಿನ್, ಗಂಡನೇ ಎಂದುಕೊಂಡು, “ಕೈ ಹೇಗುಂಟು ಈಗ?” ಎಂದು ಕೇಳಿದರು.