ಮುದ್ದಣ್ಣನ ಮೊದಲ ಗಾಜು

೧೯೭೪ರ ಶ್ರಾವಣದ ಒಂದು ಗುರುವಾರ ಹೊಳಲ್ಕೆರೆಯಿಂದ ಚಿತ್ರದುರ್ಗದ ನಮ್ಮ ಪಶು ಆಸ್ಪತ್ರೆಗೆ ತಂತಿ ಬಂತು. ನನ್ನ ಸಹಾಯಕ ಮುದ್ದಣ್ಣ ಜ್ವರದಲ್ಲಿ ತೀರಿಕೊಂಡಿದ್ದ. ಅವನ ಮೇಜಿನ ಮೇಲೆ ಗೋಡೆಗೆ ಚಿತ್ರ ಬಿಡುವ ಗಾಜಿನ ಸ್ಲೈಡುಗಳ ಡಬ್ಬಿ ಹಾಗೆಯೇ ಇತ್ತು. ಸೋಮವಾರ ಭರಮಸಾಗರದ ಕುರಿಗಾರರಿಗೆ ಅದನ್ನು ತೋರಿಸಬೇಕಾಗಿತ್ತು.

ಅಲ್ಲಿ ಗದ್ದ ಬಾತು ಕುರಿಗಳು ಸಾಯುತ್ತಿದ್ದವು. ಕೆರೆಯಂಚಿನ ಜೌಗಿನ ಬಸವನಹುಳುವಿನಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಯಕೃತ್ತಿಗೆ ಸೇರುವ ರೋಗ ಅದು. ಆ ಅಂಚಿನಲ್ಲಿ ಮೇಯಿಸಬಾರದು. ನಾವು ಹೇಳಬೇಕಾದದ್ದು ಇಷ್ಟೇ. ಆದರೆ ಒಳ್ಳೆಯ ಹಸಿರಿದ್ದದ್ದು ಅಲ್ಲಿಯೇ.

ಹಿಂದಿನ ತಿಂಗಳು ಮಾಡದಕೆರೆಯಲ್ಲಿ ತೋರಿಸಿದ ಮೊದಲ ಗಾಜನ್ನು ಬರೆದವನು ನಾನು. ಓದು ಬಾರದವರಿಗೆ ಅನುಕೂಲವಾಗಲೆಂದು ಮುಂದೆ ಹೇಳಲಿರುವ ಮಾತಿನ ನಾಲ್ಕು ಭಾಗಗಳಿಗೆ ಅದೊಂದರಲ್ಲೇ ನಾಲ್ಕು ಚಿತ್ರ. ಕೊನೆಯದು ಕೆರೆ, ಅದರ ಮೇಲೆ ಅಡ್ಡಗೀಟು. ಅದು ಗೋಡೆಗೆ ಬಿದ್ದೊಡನೆ ಒಬ್ಬ ಮುದುಕ ಕಂಬಳಿ ಹೆಗಲಿಗೇರಿಸಿದ.

“ಕೆರೆ ಬಿಡ್ಬೇಕಂತೆ. ಗೊತ್ತಾತಲ್ಲ, ಏಳ್ರಲೇ ಹೋಗಾಣ.”

ಯಾಕೆಂದು ಕೇಳಲು ಮೂವರಷ್ಟೇ ಉಳಿದರು.

ಬರುವಾಗ ಬಸ್ಸಿನಲ್ಲಿ ಮುದ್ದಣ್ಣ, “ಸಾರ್, ಎಲ್ಲೆಲ್ಲಿ ನಿಂತು ಹೋಗ್ತೀವಿ ಅಂತ ಮೊದ್ಲು ತೋರ್ಸಾಣ. ಎಲ್ಲಿಗೆ ಮುಟ್ತೀವಿ ಅನ್ನೋದನ್ನ ಅವ್ರೇ ಹೇಳ್ಲಿ,” ಎಂದ.

“ನನಗೇ ಪಾಠ ಹೇಳ್ತೀಯೇನೋ?” ಎಂದು ಗದರಿದೆ. ಆಮೇಲೆ ಅವನೊಡನೆ ನೆಟ್ಟಗೆ ಮಾತಾಡಲಿಲ್ಲ.

ಡಬ್ಬಿಯಲ್ಲಿ ನನ್ನದರ ಬದಲಿಗೆ ಅವನು ಬರೆದ ಹೊಸ ಮೊದಲ ಗಾಜಿತ್ತು. ಗದ್ದ ಬಾತ ಕುರಿ. ಕೊಯ್ದ ಯಕೃತ್ತು. ಗಲ್ಲಕ್ಕೆ ಕೈಯಿಟ್ಟು ಯೋಚಿಸುವ ಕುರಿಗಾರ. ಕೊನೆಯಲ್ಲಿ ಮಂದೆ ಹೊಡೆದುಕೊಂಡು ಹೊರಟ ಅವನೇ; ಎಲ್ಲಿಗೆಂದು ಬರೆದಿರಲಿಲ್ಲ. ಕೆರೆಯ ಸುಳಿವೇ ಇಲ್ಲ.

ಸೋಮವಾರ ಶಾಲೆಯ ಕಿಟಕಿಗಳಿಗೆ ಅವರ ಕಂಬಳಿಗಳನ್ನೇ ಕಟ್ಟಿ ಕತ್ತಲೆ ಮಾಡಿದೆವು. ಆ ಗಾಜನ್ನೇ ಇಟ್ಟು ಒಂದೊಂದು ಚಿತ್ರಕ್ಕೂ ಕೋಲು ತೋರಿಸಿದೆ. “ಏನಾಗೈತೆ, ಒಳಗೇನೈತೆ, ಎಲ್ಲಿಂದ ಬಂತು, ನಾವೇನು ಮಾಡ್ಬೇಕು. ಹಿಂಗೆ ಹೋಗಾಣ.”

“ಗಲ್ಲಕ್ಕೆ ಕೈ ಇಟ್ಟೋನು ನಮ್ಮ ಕಾಟಪ್ಪ ಕಣ್ರಪ್ಪ,” ಎಂದರು ಯಾರೋ. ಎಲ್ಲರೂ ನಕ್ಕರು. ಹದಿನಾಲ್ಕು ಕುರಿ ಕಳೆದುಕೊಂಡಿದ್ದ ಕಾಟಪ್ಪ ನಗಲಿಲ್ಲ, ಏಳಲೂ ಇಲ್ಲ.

ಮುಂದಿನ ಗಾಜಿನಲ್ಲಿ ಯಕೃತ್ತಿನೊಳಗಿನ ಎಲೆಯಂಥ ಹುಳ ತೋರಿಸಿದೆ. ಬಸವನಹುಳುವಿನ ಚಿತ್ರ ಬಂದಾಗ ಕಾಟಪ್ಪ ಎದ್ದು ಗೋಡೆಯ ಹತ್ತಿರ ಹೋದ.

“ಇದು ನಮ್ಮ ಕೆರೆ ಅಂಚಿಂದು. ಅಂಗಾರೆ ಅಲ್ಲಿಗೆ ಹೊಡೀಬಾರ್ದು ಅಲ್ವೇನ್ರಿ?” ನನ್ನ ಕಡೆ ತಿರುಗಿ, “ನಾಳೆಯಿಂದ ದಿಬ್ಬಕ್ಕೆ ಹೋಗ್ತೀನಿ,” ಎಂದ. “ಈ ಚಿತ್ರ ಬರ್ದೋರು ಬರ್ಲಿಲ್ವೇನ್ರಿ?”

ನಾನು ಮುದ್ದಣ್ಣನ ಗಾಜನ್ನು ಮತ್ತೊಮ್ಮೆ ಗೋಡೆಗೆ ಬಿಟ್ಟೆ. ಕಿಟಕಿಯ ಕಂಬಳಿ ಬಿಚ್ಚಿದರು. ಗಾಜು ಇನ್ನೂ ಬಿಸಿಯಾಗಿತ್ತು. ಪಂಚೆಯ ತುದಿಯಲ್ಲಿ ಸುತ್ತಿ ಇಟ್ಟುಕೊಂಡೆ.

ಸ್ವಾಮೀ, ಮುದ್ದಣ್ಣನ ಮಾತು ಸರಿಯಾಗಿತ್ತೆಂದು ನಾನು ಹೇಳದೆ ಉಳಿದೆ. ನೀನಾದರೂ ಅವನಿಗೆ ಹೇಳು. ಆ ಜೀವವನ್ನು ನಿನ್ನ ನೆರಳಿನಲ್ಲಿ ತಣ್ಣಗೆ ಮಲಗಿಸು.