ಅವನಿಗೆ ಕೇಳಿಸದ ಮಾತು

ಬಸವೇಶ್ವರನಗರದ ತನ್ನ ಮನೆಯಿಂದಲೇ ಶಿವಾನಿ ಆತ್ಮಹತ್ಯೆ ತಡೆ ಸಹಾಯವಾಣಿಯ ಕರೆಗಳನ್ನು ತೆಗೆದುಕೊಳ್ಳುತ್ತಿದ್ದಳು. ಕರೆಗಳು ಇಂಟರ್ನೆಟ್ ಮೂಲಕ ಲ್ಯಾಪ್‌ಟಾಪಿಗೆ ಬರುತ್ತಿದ್ದವು. ಮಾತಾಡುವವರ ನಂಬರ್ ಅವಳಿಗೆ ಕಾಣುತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿ ಕಳ್ಳತನವಾಯಿತೆಂದು ಗಂಡ ಶಿವಕಿರಣ್ ಅಂದು ಬೆಳಿಗ್ಗೆಯಷ್ಟೇ ಮನೆಯ ಸುತ್ತ ಆರು ಕ್ಯಾಮೆರಾ ಹಾಕಿಸಿದ್ದ.

ಮಧ್ಯಾಹ್ನ ಒಬ್ಬ ಯುವಕ ಕರೆ ಮಾಡಿದ.

"ಟೆರೇಸ್ ಮೇಲಿದೀನಿ ಮೇಡಂ. ಏನಾದ್ರೂ ಮಾತಾಡಿ."

ಅವನ ಉಸಿರೂ ಅವಳಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ನಾನಿದೀನಿ. ಅಲ್ಲೇ ಕೂತ್ಕೊಳ್ಳಿ. ನಿಮ್ಮ ಹೆಸರೇನು?"

"ಹಲೋ? ತುಂಡು ತುಂಡಾಗಿ ಬರ್ತಿದೆ. ಏನೂ ಗೊತ್ತಾಗ್ತಿಲ್ಲ."

ಅವಳು ಗಟ್ಟಿಯಾಗಿ ಕೂಗಿದಳು.

"ಇಲ್ಲೂ ಯಾರೂ ಇಲ್ವಾ?" ಎಂದು ಅವನು ಮೆಲ್ಲಗೆ ಕೇಳಿದ. ಕರೆ ಕಟ್ಟಾಯಿತು.

ಶಿವಾನಿ ತಕ್ಷಣ ಮೊಬೈಲಿನಿಂದ ಸಹಾಯವಾಣಿಯ ಕೇಂದ್ರಕ್ಕೆ ತಿಳಿಸಿದಳು. ಅವರು ತಿರುಗಿ ಮಾಡಿದಾಗ ಅವನ ಫೋನ್ ಸ್ವಿಚ್ ಆಫ್ ಆಗಿತ್ತು. ನಂಬರನ್ನು ಪೊಲೀಸರಿಗೆ ಕೊಟ್ಟರು.

ಶಿವಕಿರಣ್ ಇಂಟರ್ನೆಟ್ ಸ್ಪೀಡ್ ಪರೀಕ್ಷಿಸಿದ. ಡೌನ್‌ಲೋಡ್ ಚೆನ್ನಾಗಿತ್ತು, ಅಪ್‌ಲೋಡ್ ಮಾತ್ರ ಹೆಚ್ಚುಕಡಿಮೆ ಸೊನ್ನೆ.

"ಕ್ಯಾಮೆರಾಗಳು ಬಿಡುವಿಲ್ಲದೆ ವಿಡಿಯೊನ ಕ್ಲೌಡಿಗೆ ಕಳಿಸ್ತಿವೆ ಕಣೇ. ಹೊರಗೆ ಹೋಗೋ ದಾರಿಯೆಲ್ಲ ಅವೇ ತುಂಬ್ಕೊಂಡಿವೆ. ಅದಕ್ಕೇ ಅವನ ಮಾತು ನಿಂಗೆ ಬಂತು, ನಿನ್ನ ಮಾತು ಹೋಗ್ಲಿಲ್ಲ."

ರೆಕಾರ್ಡಿಂಗ್ ಕ್ಯಾಮೆರಾದೊಳಗಿನ ಕಾರ್ಡಿನಲ್ಲೇ ಉಳಿಯುವಂತೆ ಅವನು ಒಂದೊಂದರ ಸೆಟ್ಟಿಂಗನ್ನೂ ಬದಲಿಸಿದ. ಲೈನ್ ಸರಿಹೋಯಿತು.

ಸಂಜೆ ಕೇಂದ್ರದಿಂದ ಫೋನ್ ಬಂತು. ಪೊಲೀಸರು ಕಾಮಾಕ್ಷಿಪಾಳ್ಯದ ಆ ಕಟ್ಟಡ ಹುಡುಕಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಿಂದೇನೂ ತಪ್ಪಿಲ್ಲ," ಎಂದ ಶಿವಕಿರಣ್.

"ಅವನು ಬೇರೇನೂ ಕೇಳ್ಲಿಲ್ಲ ರೀ, ಮಾತಾಡಿ ಅಂದ ಅಷ್ಟೇ," ಎಂದು ಅವಳು ಅತ್ತಳು.